ಎಂಟು ತಿಂಗಳ ಅನಂತರ ಅದೇ ಎಣಿಕೆ: ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸ್ಥಳನಾಮಗಳ ವಿಶ್ಲೇಷಣೆಯಲ್ಲಿ ಗೃಹೀತ ಮತ್ತು ಹಂತಗಳ ದಾಖಲಾತಿ

ಸ್ಥಳನಾಮಗಳ ಅಧ್ಯಯನದಲ್ಲಿ ತೊಡಗಿದವರು ಮೊದಲು ಮಾಡುವ ಕೆಲಸ ಎಣಿಕೆ. ಒಂದು ತಾಲೂಕಿನಲ್ಲಿ ‘ಊರು’ ಎಂದು ಮುಗಿಯುವ ಹೆಸರುಗಳೆಷ್ಟು, ‘ಕಟ್ಟಿ’ ಎಂದು ಮುಗಿಯುವವೆಷ್ಟು, ‘ಗೇರಿ’ ಎಂದು ಮುಗಿಯುವವೆಷ್ಟು ಎಂದು ಲೆಕ್ಕ ಹಾಕಿ, ಆ ಲೆಕ್ಕದ ಮೇಲೆ ನೆಲೆಗಳ ಚರಿತ್ರೆಯ ಬಗೆಗೋ ಉಪಭಾಷೆಯ ಎಲ್ಲೆಯ ಬಗೆಗೋ ಮಾತನಾಡುತ್ತೇವೆ. ಎಣಿಕೆ ಸರಳವಾದ ಕೆಲಸವೆಂದು ತೋರುವುದರಿಂದ ಅದನ್ನು ಹೇಗೆ ಮಾಡಿದೆವೆಂದು ಬರೆದಿಡುವವರು ವಿರಳ. ಪ್ರಸ್ತುತ ಲೇಖಕನೂ ಬರೆದಿಟ್ಟಿರಲಿಲ್ಲ.

ಹಾವೇರಿ ಜಿಲ್ಲೆಯ ಮೂರು ತಾಲೂಕುಗಳ ಹೆಸರುಗಳಲ್ಲಿ ‘-ಏರಿ’ ಎಂಬ ಅಂತ್ಯವನ್ನು ಕುರಿತು ಸಿದ್ಧಪಡಿಸಿದ್ದ ಬರಹವೊಂದನ್ನು ಓದಿದ ವಿಮರ್ಶಕರೊಬ್ಬರು ಒಂದೇ ಸಾಲಿನ ಪ್ರಶ್ನೆ ಕೇಳಿದ್ದರು: ಹಾವೇರಿ ಎಂಬ ಹೆಸರನ್ನೇ ಈ ಎಣಿಕೆಯಲ್ಲಿ ಸೇರಿಸಿದ್ದೀರೋ ಇಲ್ಲವೋ? ಎಣಿಕೆ ಮುಗಿದು ಎಂಟು ತಿಂಗಳಾಗಿತ್ತು. ಉತ್ತರ ನೆನಪಿನಲ್ಲಿರಲಿಲ್ಲ. ಹೆಸರುಗಳ ಕಡತವನ್ನು ಹುಡುಕಿ ತೆಗೆದು ಅದೇ ಸೂಚನೆಯನ್ನು ಮತ್ತೆ ಕೊಟ್ಟಾಗ ‘-ಏರಿ’ ಅಂತ್ಯದ ಹೆಸರು ಒಂದೂ ಇಲ್ಲವೆಂಬ ಫಲಿತಾಂಶ ಬಂತು. ಪರದೆಯ ಮೇಲೆ ‘ಹಲಗೇರಿ’ ಎಂಬ ಹೆಸರು ಕಣ್ಣೆದುರಿಗೇ ಇತ್ತು.

ಈ ಲೇಖನದಲ್ಲಿ ಆ ಸೊನ್ನೆ ಎಲ್ಲಿಂದ ಬಂತು, ವಿಮರ್ಶಕರ ಪ್ರಶ್ನೆಗೆ ಯಾವ ದಾಖಲೆಯಿದ್ದರೆ ಉತ್ತರ ಕೊಡಬಹುದಾಗಿತ್ತು ಎಂಬುದನ್ನು ಹದಿನೆಂಟು ಹೆಸರುಗಳ ಒಂದು ಚಿಕ್ಕ ಪಟ್ಟಿಯ ಮೂಲಕ ವಿವರಿಸಲಾಗಿದೆ. ಪಟ್ಟಿ ಚಿಕ್ಕದಾಗಿರುವುದು ಉದ್ದೇಶಪೂರ್ವಕ: ಇಲ್ಲಿನ ಪ್ರತಿಯೊಂದು ಸಂಖ್ಯೆಯನ್ನೂ ಓದುಗರು ಕೈಯಿಂದಲೇ ಎಣಿಸಿ ತಾಳೆ ನೋಡಬಹುದು. ಮೂರು ತಾಲೂಕುಗಳ ಎಲ್ಲ ಊರುಗಳ ಬಗೆಗೆ ಈ ಸಂಖ್ಯೆಗಳು ಏನನ್ನೂ ಹೇಳುವುದಿಲ್ಲ.

ಪಟ್ಟಿ

ಹಾವೇರಿ ತಾಲೂಕಿನಿಂದ ಅಗಡಿ, ಕರಜಗಿ, ಗಳಗನಾಥ, ಹಾವನೂರು, ಹೊಸರಿತ್ತಿ. ರಾಣೆಬೆನ್ನೂರು ತಾಲೂಕಿನಿಂದ ಹಲಗೇರಿ, ಚಳಗೇರಿ, ಮೇಡ್ಲೇರಿ, ತುಮ್ಮಿನಕಟ್ಟಿ, ಐರಣಿ. ಬ್ಯಾಡಗಿ ತಾಲೂಕಿನಿಂದ ಕಾಗಿನೆಲೆ, ಮೋಟೆಬೆನ್ನೂರು, ಕದರಮಂಡಲಗಿ, ಶಿಡೇನೂರು, ಮಾಸಣಗಿ. ಇವುಗಳ ಜೊತೆಗೆ ಮೂರು ತಾಲೂಕು ಕೇಂದ್ರಗಳು: ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ.

ಬರೆದ ರೂಪವನ್ನಷ್ಟೇ ನೋಡಿದರೆ ಇವುಗಳಲ್ಲಿ 12 ಹೆಸರುಗಳು ಇಕಾರದಿಂದ, 4 ‘-ಊರು’ ಎಂಬುದರಿಂದ, 1 ಎಕಾರದಿಂದ (ಕಾಗಿನೆಲೆ), 1 ಅಕಾರದಿಂದ (ಗಳಗನಾಥ) ಮುಗಿಯುತ್ತವೆ. ಇಕಾರಾಂತ ಹನ್ನೆರಡರಲ್ಲಿ ‘-ಏರಿ’ ಎಂಬ ಅಂತ್ಯವಿರುವವು 4: ಹಲಗೇರಿ, ಚಳಗೇರಿ, ಮೇಡ್ಲೇರಿ, ಹಾವೇರಿ.

ಇಷ್ಟು ಹೇಳುವಾಗಲೇ ಮೂರು ಗೃಹೀತಗಳು ಒಳಸೇರಿವೆ. ಮೊದಲನೆಯದು ಲಿಖಿತ ರೂಪಕ್ಕೆ ಸಂಬಂಧಿಸಿದ್ದು. ಧಾರವಾಡ ಕನ್ನಡದಲ್ಲಿ ಪದಾಂತ್ಯದ ಎಕಾರ ಇಕಾರವಾಗುತ್ತದೆ. ಮನೆ ‘ಮನಿ’ಯಾಗುವಂತೆ ಕಾಗಿನೆಲೆ ಮಾತಿನಲ್ಲಿ ‘ಕಾಗಿನೆಲಿ’ಯಾಗುತ್ತದೆ. ಬರವಣಿಗೆಯಲ್ಲಿ ತುಮ್ಮಿನಕಟ್ಟಿಯ ‘ಕಟ್ಟಿ’ ಮಾತಿನ ರೂಪವನ್ನೇ ಉಳಿಸಿಕೊಂಡಿದೆ, ಕಾಗಿನೆಲೆ ಉಳಿಸಿಕೊಂಡಿಲ್ಲ. ಹಾಗಾಗಿ ‘ಇಕಾರಾಂತ 12’ ಎಂಬುದು ಬರವಣಿಗೆಯ ರೂಢಿಯನ್ನು ಕುರಿತ ಹೇಳಿಕೆಯೇ ಹೊರತು ಉಪಭಾಷೆಯನ್ನು ಕುರಿತದ್ದಲ್ಲ. ಮಾತಿನ ರೂಪವನ್ನು ತೆಗೆದುಕೊಂಡರೆ ಸಂಖ್ಯೆ 13.

ಎರಡನೆಯದು ಕಾಗುಣಿತ. ರಾಣೆಬೆನ್ನೂರು, ರಾಣೇಬೆನ್ನೂರು, ರಾಣಿಬೆನ್ನೂರು ಎಂಬ ಮೂರೂ ಬರವಣಿಗೆಗಳು ಪತ್ರಿಕೆಗಳಲ್ಲಿ, ಫಲಕಗಳಲ್ಲಿ ಕಾಣುತ್ತವೆ. ಮೇಡ್ಲೇರಿಯನ್ನು ಮೆಡ್ಲೇರಿ ಎಂದು ಬರೆಯುವವರಿದ್ದಾರೆ. ಎರಡು ಮೂಲಗಳಿಂದ ಹೆಸರುಗಳನ್ನು ಕೂಡಿಸಿದಾಗ ಒಂದೇ ಊರು ಎರಡು ಊರಾಗಿ ಪಟ್ಟಿಯಲ್ಲಿ ಕುಳಿತುಬಿಡುತ್ತದೆ.

ಮೂರನೆಯದು ಪಟ್ಟಿಯ ವ್ಯಾಪ್ತಿ. ವಿಮರ್ಶಕರ ಪ್ರಶ್ನೆಯ ಮೂಲ ಇಲ್ಲಿದೆ. ಜನಗಣತಿಯ ಪ್ರಕಟಣೆಗಳಲ್ಲಿ ಗ್ರಾಮಗಳದು ಒಂದು ಪಟ್ಟಿ, ಪಟ್ಟಣಗಳದು ಇನ್ನೊಂದು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಪಟ್ಟಣಗಳಾದುದರಿಂದ ಗ್ರಾಮಗಳ ಪಟ್ಟಿಯಿಂದ ಕೆಲಸ ಮಾಡಿದವನ ಎಣಿಕೆಯಲ್ಲಿ ಅವು ಇರುವುದಿಲ್ಲ. ಆಗ ನಮ್ಮ ಪಟ್ಟಿ 15 ಹೆಸರುಗಳದ್ದಾಗುತ್ತದೆ. ‘-ಏರಿ’ 3, ‘-ಊರು’ 3. ಎರಡೂ ಎಣಿಕೆಗಳು ಸರಿಯೇ. ಯಾವುದು ನಮ್ಮದು ಎಂದು ಬರೆದಿಡದಿದ್ದರೆ ಎರಡೂ ನಿರುಪಯುಕ್ತ.

ಇದೇ ಮಾತು ಕಾಲಕ್ಕೂ ಅನ್ವಯಿಸುತ್ತದೆ. ಹಾವೇರಿ ಜಿಲ್ಲೆ ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟಿದ್ದು 1997ರಲ್ಲಿ. 1991ರ ಜನಗಣತಿಯ ಪಟ್ಟಿಯಲ್ಲಿ ಈ ಮೂರು ತಾಲೂಕುಗಳು ಧಾರವಾಡದ ಅಡಿಯಲ್ಲಿವೆ, 2001 ಮತ್ತು 2011ರಲ್ಲಿ ಹಾವೇರಿಯ ಅಡಿಯಲ್ಲಿವೆ. ಜಿಲ್ಲೆಯ ಹೆಸರನ್ನು ಕೀಲಿಯಾಗಿಟ್ಟುಕೊಂಡು ಎರಡು ಪಟ್ಟಿಗಳನ್ನು ಜೋಡಿಸಿದರೆ 1991ರ ಭಾಗ ಸದ್ದಿಲ್ಲದೆ ಉದುರಿಹೋಗುತ್ತದೆ. 2011ರಲ್ಲಿ ಪ್ರತಿ ಗ್ರಾಮಕ್ಕೂ ಆರು ಅಂಕಿಗಳ ಸಂಕೇತ ಸಂಖ್ಯೆಯಿದೆ. ಹೆಸರಿನ ಪಕ್ಕದಲ್ಲಿ ಅದನ್ನೂ ಜನಗಣತಿಯ ವರ್ಷವನ್ನೂ ಬರೆದುಕೊಂಡರೆ ಊರನ್ನು ಗುರುತಿಸಲು ಕಾಗುಣಿತವನ್ನು ನೆಚ್ಚಬೇಕಾಗಿಲ್ಲ.

ಸೊನ್ನೆ ಬಂದ ಬಗೆ

ಈಗ ಮೊದಲಿನ ಒಗಟಿಗೆ ಬರೋಣ. ಹೆಸರುಗಳಲ್ಲಿ ಕೆಲವನ್ನು ನುಡಿ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ ಬೆರಳಚ್ಚು ಮಾಡಿದ ಕಡತದಿಂದ ಪಡೆಯಲಾಗಿತ್ತು. ಯುನಿಕೋಡಿಗೆ ಮುಂಚಿನ ಈ ಅಕ್ಷರಶೈಲಿಗಳಲ್ಲಿ ಕನ್ನಡ ಅಕ್ಷರದ ತುಣುಕುಗಳನ್ನು ರೋಮನ್ ಸಂಕೇತಗಳ ಜಾಗದಲ್ಲಿ ಕೂರಿಸಲಾಗಿರುತ್ತದೆ. ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ಹಾವೇರಿ ಎಂಬ ಹೆಸರು ಹೀಗೆ ಕಾಣುತ್ತದೆ:

```
ºÁªÉÃj
```

ಇಲ್ಲಿ `ªÉ` ಎಂಬುದು ‘ವೆ’. ಅದರ ಮುಂದಿನ `Ã` ದೀರ್ಘದ ಗುರುತು. ಎಂದರೆ ‘ವೇ’ ಎಂಬುದು ಒಂದು ಸ್ವರಚಿಹ್ನೆಯಾಗಿ ಅಲ್ಲ, ಎತ್ವ ಮತ್ತು ದೀರ್ಘ ಎಂಬ ಎರಡು ತುಣುಕುಗಳಾಗಿ ದಾಖಲಾಗಿದೆ. ತುಣುಕಿಗೆ ತುಣುಕು ಎಂಬಂತೆ ಬದಲಿಸುವ ಪರಿವರ್ತಕವು ಯುನಿಕೋಡಿನಲ್ಲಿಯೂ ಅದನ್ನು ಎರಡಾಗಿಯೇ ಇಡುತ್ತದೆ: U+0CC6 (ಎತ್ವ), U+0CD5 (ದೀರ್ಘ). ಯುನಿಕೋಡಿನಲ್ಲಿ ಏತ್ವಕ್ಕೆ U+0CC7 ಎಂಬ ಒಂದೇ ಸಂಕೇತವೂ ಇದೆ. ಇಂದಿನ ಕೀಲಿಮಣೆಗಳು ಸಾಮಾನ್ಯವಾಗಿ ಕೊಡುವುದು ಇದನ್ನೇ. ಎರಡು ರೂಪಗಳೂ ಸಮಾನವೆಂದು ಯುನಿಕೋಡ್ ಸಾರುತ್ತದೆ, ಪರದೆಯ ಮೇಲೂ ಮುದ್ರಣದಲ್ಲೂ ಒಂದೇ ರೀತಿ ಕಾಣುತ್ತವೆ. ಆದರೆ ಒಂದರಲ್ಲಿ ಹಾವೇರಿ 6 ಸಂಕೇತಗಳ ಸಾಲು, ಇನ್ನೊಂದರಲ್ಲಿ 7 ಸಂಕೇತಗಳ ಸಾಲು. ಸಂಕೇತಗಳನ್ನು ಒಂದೊಂದಾಗಿ ಹೋಲಿಸುವ ಹುಡುಕಾಟಕ್ಕೆ ಅವು ಬೇರೆ ಬೇರೆ ಪದಗಳು.

ಲೇಖಕ ಮೊದಲ ಬಾರಿ ಎಣಿಸಿದ್ದು ಕೈಯಿಂದ ಬೆರಳಚ್ಚು ಮಾಡಿದ ಪಟ್ಟಿಯನ್ನು. ಎಂಟು ತಿಂಗಳ ಅನಂತರ ಕೈಗೆ ಸಿಕ್ಕಿದ್ದು ಪರಿವರ್ತಕದಿಂದ ಬಂದ ಪಟ್ಟಿ. ಎರಡಕ್ಕೂ ಒಂದೇ ಹೆಸರು, ಒಂದೇ ಗಾತ್ರವೆನ್ನುವಷ್ಟು ಹತ್ತಿರದ ಗಾತ್ರ. ವಿಭಜಿತ ರೂಪದ ಪಟ್ಟಿಯಲ್ಲಿ ಒಂದೇ ಸಂಕೇತದ ‘ೇರಿ’ಯನ್ನು ಹುಡುಕಿದಾಗ ಸೊನ್ನೆ ಬರುವುದು ಸಹಜವೇ.

ತಪ್ಪು ಯಾವಾಗಲೂ ಕಡಿಮೆಯ ಕಡೆಗೇ ವಾಲುತ್ತದೆ ಎಂದು ತಿಳಿಯಬಾರದು. ಒತ್ವವು ವಿಭಜಿತ ರೂಪದಲ್ಲಿ ಎತ್ವ ಮತ್ತು ಊತ್ವಗಳ ಜೋಡಿ. ಓತ್ವವೆಂದರೆ ಆ ಜೋಡಿಯ ಮುಂದೆ ದೀರ್ಘ. ನಮ್ಮ ಪಟ್ಟಿಯಲ್ಲಿ ಊತ್ವದ ಚಿಹ್ನೆ ನಿಜವಾಗಿ ಬರುವುದು 4 ಕಡೆ, ಎಲ್ಲವೂ ‘-ಊರು’ ಎಂಬಲ್ಲಿ. ವಿಭಜಿತ ಪಟ್ಟಿಯಲ್ಲಿ ಅದೇ ಚಿಹ್ನೆಯನ್ನು ಎಣಿಸಿದರೆ 6 ಎಂದು ಬರುತ್ತದೆ. ಹೊಸರಿತ್ತಿಯ ‘ಹೊ’, ಮೋಟೆಬೆನ್ನೂರಿನ ‘ಮೋ’ ಎರಡೂ ಊಕಾರದ ಲೆಕ್ಕಕ್ಕೆ ಬೀಳುತ್ತವೆ. ಸೊನ್ನೆಯಾದರೆ ಅನುಮಾನ ಹುಟ್ಟಿಸುತ್ತದೆ. ನಾಲ್ಕರ ಬದಲು ಆರು ಬಂದರೆ ಯಾರಿಗೂ ಅನುಮಾನ ಬರುವುದಿಲ್ಲ, ಅದು ಹೆಚ್ಚು ಅಪಾಯಕಾರಿ.

ಇನ್ನೂ ಒಂದು ಮಾತು. ಮೊತ್ತ ತಾಳೆಯಾದರೆ ಎಣಿಕೆ ಸರಿಯೆಂದು ನಂಬುವ ಅಭ್ಯಾಸ ನಮ್ಮಲ್ಲಿದೆ. ವಿಭಜಿತ ಪಟ್ಟಿಯಲ್ಲಿಯೂ ಇಕಾರಾಂತ 12, ‘-ಊರು’ 4, ಎಕಾರಾಂತ 1, ಅಕಾರಾಂತ 1 ಎಂದೇ ಬರುತ್ತದೆ, ಒಟ್ಟು 18. ಏಕೆಂದರೆ ಈ ಅಂತ್ಯಗಳ ಹ್ರಸ್ವ ಚಿಹ್ನೆಗಳಾಗಲಿ ‘-ಊರು’ ಎಂಬಲ್ಲಿನ ಊತ್ವವಾಗಲಿ ವಿಭಜನೆಗೆ ಒಳಗಾಗುವುದಿಲ್ಲ. ಮೊತ್ತದ ತಾಳೆ ಈ ದೋಷವನ್ನು ಹಿಡಿಯಲಾರದು. ಹಿಡಿಯುವುದು ಬೇರೊಂದು ಪರೀಕ್ಷೆ: ಒಗ್ಗೂಡಿಸಿದ ಕನ್ನಡ ಪಠ್ಯದಲ್ಲಿ U+0CD5 ಎಂಬ ಬಿಡಿ ದೀರ್ಘ ಇರಲೇಬಾರದು. ನಮ್ಮ ಪಟ್ಟಿಯ ಪೂರ್ಣ ವಿಭಜಿತ ರೂಪದಲ್ಲಿ ಅದು 7 ಕಡೆ ಇದೆ. ಏತ್ವದ ಆರು, ಓತ್ವದ ಒಂದು. (ರಾಣೇಬೆನ್ನೂರು ಎಂಬ ಕಾಗುಣಿತವನ್ನು ಆರಿಸಿಕೊಂಡಿದ್ದರೆ 8 ಆಗುತ್ತಿತ್ತು.)

ಪರಿಹಾರದ ಸೂಚನೆ ಚಿಕ್ಕದು. ಪೈಥಾನ್ ಭಾಷೆಯಲ್ಲಿ ಅದು ಹೀಗಿರುತ್ತದೆ:

```python
import unicodedata as u
N = lambda s: u.normalize("NFC", s.strip())
f = open("names.txt", encoding="utf-8")
names = [N(s) for s in f if s.strip()]
assert len(names) == 18
assert not any("\u0CD5" in s for s in names)
print(sum(s.endswith(N("ೇರಿ")) for s in names))
```

`NFC` ಎಂಬುದು ಬಿಡಿ ತುಣುಕುಗಳನ್ನು ಒಗ್ಗೂಡಿಸುವ ಯುನಿಕೋಡ್ ರೂಪದ ಹೆಸರು. ಕೊನೆಯ ಸಾಲಿನಲ್ಲಿ ಹುಡುಕುವ ಅಂತ್ಯಕ್ಕೂ ಅದನ್ನೇ ಅನ್ವಯಿಸಿರುವುದನ್ನು ಗಮನಿಸಬೇಕು. ಸೂಚನೆಯ ಕಡತವೂ ಒಂದು ಕನ್ನಡ ಪಠ್ಯವೇ, ಅದನ್ನೂ ಯಾರೋ ಯಾವುದೋ ಕೀಲಿಮಣೆಯಲ್ಲಿ ಬೆರಳಚ್ಚು ಮಾಡಿರುತ್ತಾರೆ. ಎರಡು `assert` ಸಾಲುಗಳು ಗೃಹೀತಗಳನ್ನು ಯಂತ್ರಕ್ಕೆ ಓದಿ ಹೇಳುವ ಬಗೆ. ಪಟ್ಟಿಯಲ್ಲಿ 18 ಹೆಸರುಗಳಿಲ್ಲದಿದ್ದರೆ ಅಥವಾ ಒಗ್ಗೂಡದ ದೀರ್ಘವೊಂದು ಉಳಿದಿದ್ದರೆ ಎಣಿಕೆ ಅಲ್ಲಿಯೇ ನಿಲ್ಲುತ್ತದೆ, ತಪ್ಪು ಸಂಖ್ಯೆಯನ್ನು ಕೊಡುವುದಿಲ್ಲ. ಪಟ್ಟಿ ಯಾವ ರೂಪದಲ್ಲಿದ್ದರೂ ಈಗ ಬರುವ ಉತ್ತರ 4.

ಮೂಲ ಕಡತವನ್ನು ಮಾತ್ರ ತಿದ್ದಬಾರದು. ಒಗ್ಗೂಡಿಸುವ ಕೆಲಸ ಪ್ರತಿ ಬಾರಿಯೂ ಸೂಚನೆಯೊಳಗೆ ನಡೆಯಬೇಕು. ಮೂಲ ಬದಲಾಗಿಲ್ಲವೆಂದು ತಿಳಿಯಲು ಅದರ ಬೆರಳೊತ್ತಿನಂತಿರುವ ಒಂದು ಸಂಖ್ಯೆಯನ್ನು ಪಡೆದು ದಾಖಲೆಯಲ್ಲಿ ಬರೆದಿಡಬಹುದು:

```
sha256sum names.txt
certutil -hashfile names.txt SHA256
```

ಮೊದಲನೆಯದು ಲಿನಕ್ಸಿಗೆ, ಎರಡನೆಯದು ವಿಂಡೋಸಿಗೆ. ಕಡತದಲ್ಲಿ ಒಂದು ಸಂಕೇತ ಬದಲಾದರೂ ಈ ಸಂಖ್ಯೆ ಪೂರ್ತಿ ಬೇರೆಯಾಗುತ್ತದೆ. ಎಂಟು ತಿಂಗಳ ಹಿಂದೆ ಇದನ್ನು ಬರೆದಿಟ್ಟಿದ್ದರೆ, ಕೈಯಲ್ಲಿರುವುದು ಆಗಿನ ಕಡತವಲ್ಲವೆಂಬುದು ಅರೆನಿಮಿಷದಲ್ಲಿ ತಿಳಿಯುತ್ತಿತ್ತು. ಬದಲಿಗೆ ಒಂದು ವಾರ ಹೋಯಿತು.

ಯಂತ್ರಕ್ಕೆ ಒಪ್ಪಿಸಲಾಗದ ತೀರ್ಮಾನಗಳು

ಇಷ್ಟಾದರೂ ವಿಮರ್ಶಕರ ಪ್ರಶ್ನೆ ಅರ್ಧ ಮಾತ್ರ ಮುಗಿದಿದೆ. ‘-ಏರಿ’ ಎಂದು ಮುಗಿಯುವ ಹೆಸರುಗಳು ನಾಲ್ಕು ಎಂಬುದು ಅಕ್ಷರಗಳ ಎಣಿಕೆ. ಸ್ಥಳನಾಮದ ಉತ್ತರಪದವಾದ ವಾರ್ಗಿಕವನ್ನು ಎಣಿಸಬೇಕಾದರೆ ಆ ‘-ಏರಿ’ ಯಾವ ಪದವೆಂದು ಹೇಳಬೇಕಾಗುತ್ತದೆ. ಹಲಗೇರಿ, ಚಳಗೇರಿಗಳಲ್ಲಿ ‘ಕೇರಿ’ಯ ಕಕಾರ ಗಕಾರವಾಗಿದೆಯೆಂದು ಆದೇಶ ಸಂಧಿಯ ನಿಯಮದಂತೆ ಹೇಳಬಹುದು. ಹಾವೇರಿಯಲ್ಲಿ ಗಕಾರವಿಲ್ಲ, ‘ಹಾವು’ ಮತ್ತು ‘ಕೇರಿ’ ಸೇರಿ ಹಾವೇರಿಯಾಯಿತೆಂಬುದು ಜನಪ್ರಿಯ ವಿವರಣೆ. ಮೇಡ್ಲೇರಿಯ ಉತ್ತರಪದ ‘ಕೇರಿ’ಯೂ ಆಗಿರಬಹುದು, ಕೆರೆಯ ದಂಡೆ ಎಂಬ ಅರ್ಥದ ‘ಏರಿ’ಯೂ ಆಗಿರಬಹುದು. ‘ಕೆರೆ’ಯಿಂದ ಬಂದಿರುವ ಸಾಧ್ಯತೆಯನ್ನೂ ಕೈಬಿಡುವಂತಿಲ್ಲ: ಧಾರವಾಡ ಕನ್ನಡದಲ್ಲಿ ಕೆರೆ ‘ಕೆರಿ’ಯಾಗುತ್ತದೆ, ಆಗ ‘-ಗೆರಿ’ಗೂ ‘-ಗೇರಿ’ಗೂ ಇರುವ ಅಂತರ ಒಂದು ದೀರ್ಘ ಮಾತ್ರ.

ಆ ಒಂದು ದೀರ್ಘವೇ ರೋಮನ್ ಲಿಪಿಯ ಪಟ್ಟಿಗಳಲ್ಲಿ ಕಾಣೆಯಾಗಿರುತ್ತದೆ. `Halageri` ಎಂಬುದನ್ನು ಕಂಡವನು ಹಲಗೇರಿ ಎಂದೂ ಹಲಗೆರಿ ಎಂದೂ ಹಳಗೇರಿ ಎಂದೂ ಓದಬಹುದು. ಇಂಗ್ಲಿಷ್ ಪಟ್ಟಿಯಿಂದ ಕನ್ನಡಕ್ಕೆ ಮರಳಿ ಬರೆದುಕೊಂಡ ಹೆಸರುಗಳ ಮೇಲೆ ಕೆರೆ, ಕೇರಿಗಳ ಪ್ರಮಾಣವನ್ನು ಲೆಕ್ಕ ಹಾಕಿದರೆ ನಾವು ಎಣಿಸುವುದು ನಮ್ಮದೇ ಲಿಪ್ಯಂತರವನ್ನು. ಪ್ರತಿ ಹೆಸರಿನ ಕನ್ನಡ ರೂಪ ಎಲ್ಲಿಂದ ಬಂತು, ಫಲಕದಿಂದಲೋ ದಾಖಲೆಯಿಂದಲೋ ಊರಿನವರ ಬಾಯಿಂದಲೋ ಎಂಬುದಕ್ಕೆ ಒಂದು ಪ್ರತ್ಯೇಕ ಅಂಕಣ ಬೇಕು.

ವಾರ್ಗಿಕದ ತೀರ್ಮಾನಗಳನ್ನು ಸೂಚನೆಯೊಳಗೆ ಹುದುಗಿಸದೆ ಬೇರೆ ಕಡತದಲ್ಲಿ, ಓದಿದರೆ ತಿಳಿಯುವಂತೆ ಇಡುವುದು ಲೇಖಕ ಈಗ ಅನುಸರಿಸುತ್ತಿರುವ ಕ್ರಮ. ಹೆಸರು, ತಾಲೂಕು, ಅಂತ್ಯ, ತೀರ್ಮಾನ, ಆಧಾರ ಎಂಬ ಐದು ಅಂಕಣಗಳು:

```
ಹಲಗೇರಿ,ರಾಣೆಬೆನ್ನೂರು,ಗೇರಿ,ಕೇರಿ,ಆದೇಶ ಸಂಧಿ
ಚಳಗೇರಿ,ರಾಣೆಬೆನ್ನೂರು,ಗೇರಿ,ಕೇರಿ,ಆದೇಶ ಸಂಧಿ
ಹಾವೇರಿ,ಹಾವೇರಿ,ಏರಿ,ಕೇರಿ?,ಜನಪ್ರಿಯ ವಿವರಣೆ
ಮೇಡ್ಲೇರಿ,ರಾಣೆಬೆನ್ನೂರು,ಏರಿ,ಅನಿಶ್ಚಿತ,ಕೇರಿ ಅಥವಾ ಏರಿ
```

ಪ್ರಶ್ನಾರ್ಥಕ ಚಿಹ್ನೆಯನ್ನು ಉಳಿಸಿಕೊಂಡಿರುವುದು ಸಂಕೋಚದಿಂದಲ್ಲ. ಖಚಿತವಾದವನ್ನು ಮಾತ್ರ ಎಣಿಸಿದರೆ ‘ಕೇರಿ’ 2, ಸಂಭವನೀಯವಾದುದನ್ನೂ ಸೇರಿಸಿದರೆ 3, ಅಂತ್ಯದ ಸಾಮ್ಯವನ್ನಷ್ಟೇ ನೋಡಿದರೆ 4. ಮೂರು ಸಂಖ್ಯೆಗಳೂ ಒಂದೇ ಪಟ್ಟಿಯಿಂದ ಬರುತ್ತವೆ. ಒಂದರಿಂದ ಇನ್ನೊಂದಕ್ಕೆ ಹೋಗಲು ಯಾವ ಸಾಲನ್ನು ಸೇರಿಸಬೇಕು, ಯಾವುದನ್ನು ಬಿಡಬೇಕು ಎಂಬುದು ಕಣ್ಣಿಗೆ ಕಾಣುತ್ತದೆ. ಶಾಸನವೊಂದರಲ್ಲಿ ಮೇಡ್ಲೇರಿಯ ಹಳೆಯ ರೂಪ ದೊರೆತರೆ ತಿದ್ದಬೇಕಾದುದು ಒಂದೇ ಸಾಲು, ತಿದ್ದಿದ ದಿನಾಂಕವನ್ನು ಪಕ್ಕದಲ್ಲಿ ಬರೆದು ಎಣಿಕೆಯನ್ನು ಮತ್ತೆ ನಡೆಸಿದರಾಯಿತು. ತೀರ್ಮಾನಗಳೆಲ್ಲ ಸಂಶೋಧಕನ ತಲೆಯಲ್ಲಿದ್ದಾಗ ಇಂಥ ತಿದ್ದುಪಡಿ ಸಾಧ್ಯವಿಲ್ಲ. ಆತ ಮೊದಲಿನಿಂದ ಎಣಿಸುತ್ತಾನೆ, ಎರಡನೆಯ ಬಾರಿ ಬೇರೆ ಮನಸ್ಥಿತಿಯಲ್ಲಿರುತ್ತಾನೆ.

ಬ್ಯಾಡಗಿ ಎಂಬ ಹೆಸರು ಇದಕ್ಕಿಂತ ಸೂಕ್ಷ್ಮವಾದ ಪ್ರಶ್ನೆಯನ್ನು ಮುಂದಿಡುತ್ತದೆ. ಬರವಣಿಗೆಯಲ್ಲಿ ‘ಬ್ಯಾ’ ಒತ್ತಕ್ಷರ. ಆದರೆ ಬೇಡ ಎಂಬುದನ್ನು ‘ಬ್ಯಾಡ’ ಎಂದೂ ಬೇಳೆ ಎಂಬುದನ್ನು ‘ಬ್ಯಾಳಿ’ ಎಂದೂ ಬರೆಯುವಾಗ ಆ ಯಕಾರ ಸೂಚಿಸುವುದು ವ್ಯಂಜನವನ್ನಲ್ಲ, ಕನ್ನಡ ವರ್ಣಮಾಲೆಯಲ್ಲಿ ಬೇರೆ ಚಿಹ್ನೆಯಿಲ್ಲದ ಒಂದು ವಿವೃತ ಸ್ವರವನ್ನು. ಸಂಯುಕ್ತ ವ್ಯಂಜನಗಳನ್ನು ಎಣಿಸುವ ಸೂಚನೆ ಬ್ಯಾಡಗಿಯನ್ನೂ ತುಮ್ಮಿನಕಟ್ಟಿಯನ್ನೂ ಒಂದೇ ಗುಂಪಿಗೆ ಹಾಕುತ್ತದೆ. ಸರಿ, ‘ಕಾಗುಣಿತದ ಯಾ-ಒತ್ತನ್ನು ಸ್ವರವೆಂದು ಎಣಿಸಲಾಗಿದೆ’ ಎಂಬ ಗೃಹೀತವನ್ನು ಬರೆದಿಟ್ಟೆವೆನ್ನೋಣ. ಆಗ ಮಾತಿನಿಂದ ‘ಬ್ಯಾಡಗ್ಯಾಗ’ ಎಂಬ ರೂಪ ಸಿಗುತ್ತದೆ, ಬ್ಯಾಡಗಿಯಲ್ಲಿ ಎಂಬರ್ಥದಲ್ಲಿ. ಇದರಲ್ಲಿ ಅದೇ ಚಿಹ್ನೆ ಎರಡು ಬಾರಿ ಬಂದಿದೆ: ಮೊದಲನೆಯದು ಪದದ ಮೂಲ ಸ್ವರ, ಎರಡನೆಯದು ‘ಬ್ಯಾಡಗಿ’ಯ ಇಕಾರಕ್ಕೆ ‘ಆಗ’ ಪ್ರತ್ಯಯ ಸೇರಿದಾಗ ಹುಟ್ಟಿದ್ದು, ಮನಿ ‘ಮನ್ಯಾಗ’ ಆಗುವಂತೆ. ಆ ಸ್ವರದ ಹರಡುವಿಕೆಯನ್ನು ಯಾ-ಒತ್ತಿನ ಸಂಖ್ಯೆಯಿಂದ ಅಳೆಯಹೊರಟರೆ ಸಪ್ತಮಿಯ ರೂಪಗಳು ಹೆಚ್ಚಾಗಿರುವ ಧ್ವನಿಮುದ್ರಣದಲ್ಲಿ ಆ ಸ್ವರವೂ ಹೆಚ್ಚಾಗಿರುವಂತೆ ಕಾಣುತ್ತದೆ. ಇಲ್ಲಿ ನಿಯಮ ಬರೆದರೆ ಸಾಲದು, ಪ್ರತಿ ರೂಪಕ್ಕೂ ತೀರ್ಮಾನ ಬರೆಯಬೇಕಾಗುತ್ತದೆ. ಕೆಲಸ ನಿಧಾನವಾಗುವುದು ಅನಿವಾರ್ಯ.

ದಾಖಲೆಗೂ ಒಂದು ಮಿತಿಯಿದೆ. ಹಲಗೇರಿಯಲ್ಲಿ ‘ಕೇರಿ’ಯಿದೆಯೆಂಬ ತೀರ್ಮಾನ ತಪ್ಪಾಗಿದ್ದರೆ ಅದನ್ನು ಎಷ್ಟು ಬಾರಿ ಮರುಎಣಿಕೆ ಮಾಡಿದರೂ ಅದೇ ತಪ್ಪು ಉತ್ತರ ಬರುತ್ತದೆ, ನಿಷ್ಠೆಯಿಂದ. ಬರೆದಿಟ್ಟುದರ ಪ್ರಯೋಜನ ಬೇರೆ: ಒಪ್ಪದವರು ಯಾವ ಸಾಲನ್ನು ಒಪ್ಪುವುದಿಲ್ಲವೆಂದು ಹೇಳಬಹುದು.

ಪ್ರಯೋಗಿಸಿ ನೋಡಬಯಸುವವರು ಮೇಲಿನ ಹದಿನೆಂಟು ಹೆಸರುಗಳನ್ನು ಸಾಲಿಗೊಂದರಂತೆ `names.txt` ಎಂಬ ಕಡತದಲ್ಲಿ ಬರೆದುಕೊಂಡು, ಅದೇ ಪಟ್ಟಿಯನ್ನು `NFD` ಎಂಬ ವಿಭಜಿತ ರೂಪದಲ್ಲಿ ಇನ್ನೊಂದು ಕಡತಕ್ಕೆ ಉಳಿಸಿ, `N` ಎಂಬುದರಲ್ಲಿ `normalize` ಇಲ್ಲದೆ `s.strip()` ಅನ್ನಷ್ಟೇ ಉಳಿಸಿ, ಎರಡನೆಯ `assert` ಸಾಲನ್ನು ತೆಗೆದು ಎರಡರಲ್ಲಿಯೂ ಎಣಿಸಬಹುದು. ಒಂದರಲ್ಲಿ 4, ಇನ್ನೊಂದರಲ್ಲಿ 0 ಬರಬೇಕು. ವಿಮರ್ಶಕರಿಗೆ ಕಳುಹಿಸಿದ ಉತ್ತರದಲ್ಲಿ ಲೇಖಕ ಹಾವೇರಿಯನ್ನು ಸೇರಿಸಿ 3 ಎಂದು ಬರೆದು ತೀರ್ಮಾನಗಳ ಕಡತವನ್ನು ಲಗತ್ತಿಸಿದ. ಅವರು ಪ್ರಶ್ನಾರ್ಥಕ ಚಿಹ್ನೆಯಿದ್ದ ಸಾಲನ್ನು ಒಪ್ಪಲಿಲ್ಲ. ಪ್ರಕಟವಾಗಲಿರುವ ಕೋಷ್ಟಕದಲ್ಲಿ ಸಂಖ್ಯೆ 2 ಎಂದಿದೆ, ಹಾವೇರಿ ಅಡಿಟಿಪ್ಪಣಿಯಲ್ಲಿದೆ.